ಹೈದರಾಬಾದಿಗೆ ಹೊರಟ ರೊಟ್ಟಿ ಗಂಟು

ದಾಯಾದಿಗಳ ಮೇಲೆ ಹೊಟ್ಟೆಕಿಚ್ಚು ಪಡಲು ಕಾರಣ ಬೇಕಿಲ್ಲ ಎನ್ನುತ್ತಾರೆ. ನನಗೆ ಮಾತ್ರ ಕಾರಣಗಳಿದ್ದವು, ಬುಟ್ಟಿ ತುಂಬುವಷ್ಟು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಮಾತನ್ನು ಕಟ್ಟಿದವರು ನನ್ನನ್ನೂ ನಮ್ಮ ದೊಡ್ಡಪ್ಪನ ಮಗನನ್ನೂ ನೋಡಿಯೇ ಕಟ್ಟಿರಬೇಕು ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಅವನು ನನಗಿಂತ ನಾಲ್ಕೈದು ತಿಂಗಳಿಗೆ ದೊಡ್ಡವನು. ಅಷ್ಟಕ್ಕೇ ಜೀವನವಿಡೀ ಅವನಿಗೆ ಅಣ್ಣ ಅನ್ನಬೇಕಾಯಿತು.

ನಮ್ಮದು ಮಸ್ಕಿ. ಪೇಟೆಯಲ್ಲಿ ಅಪ್ಪನದೊಂದು ಸಣ್ಣ ಬಟ್ಟೆ ಅಂಗಡಿ. ದೊಡ್ಡಪ್ಪ ಇದ್ದದ್ದು ಜವಳಗೇರಾದಲ್ಲಿ. ನಾನು ತೊಟ್ಟಿಲಲ್ಲಿದ್ದಾಗ ಆಸ್ತಿ ಪಾಲಾಯಿತಂತೆ. ನಮ್ಮ ಕಡೆ ಪಾಲಿನ ಪದ್ಧತಿ ಹೀಗಿದೆ: ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಬೇಕು. ಹಿರಿಯನು ಮೋಸ ಮಾಡದಿರಲಿ ಎಂದು ಯಾರೋ ಬುದ್ಧಿವಂತರು ಮಾಡಿದ ಕಟ್ಟಳೆ. ದೊಡ್ಡಪ್ಪ ಮಸ್ಕಿ ಹೊಲವನ್ನು ಒಂದು ಪಾಲಿಗೂ ಜವಳಗೇರಾದ ಎರೆಹೊಲವನ್ನು ಇನ್ನೊಂದು ಪಾಲಿಗೂ ಇಟ್ಟ. ಮನೆಗೆ ಹತ್ತಿರ, ಅಂಗಡಿಗೆ ಹತ್ತಿರ, ಬದುವಿನ ಮೇಲೊಂದು ಬೇವಿನ ಮರ ಬೇರೆ ಇದೆ ಎಂದು ಅಪ್ಪ ಮಸ್ಕಿ ಹೊಲವನ್ನು ಆರಿಸಿಕೊಂಡ. ಊರವರೆಲ್ಲ ಅಪ್ಪನನ್ನು ಜಾಣ ಅಂದರಂತೆ.

ಆಮೇಲೆ ಕಾಲುವೆ ಬಂತು. ನೀರು ಇಳಿಜಾರಿಗೆ ಹರಿಯುವುದೇ ಹೊರತು ಜಾಣರ ಹೊಲ ಯಾವುದು ಎಂದು ಕೇಳಿಕೊಂಡು ಹೋಗುವುದಿಲ್ಲ. ನಮ್ಮ ಹೊಲ ಕಾಲುವೆಗಿಂತ ಎತ್ತರದಲ್ಲಿತ್ತು, ಒಣಗಿಯೇ ಉಳಿಯಿತು. ದೊಡ್ಡಪ್ಪನ ಎರೆಹೊಲದ ತಲೆಯ ಮೇಲೇ ತೂಬು ಬಿತ್ತು. ಆಂಧ್ರದಿಂದ ಬಂದು ಕ್ಯಾಂಪು ಹಾಕಿಕೊಂಡವರು ಅದನ್ನು ಗುತ್ತಿಗೆಗೆ ಹಿಡಿದು ಭತ್ತ ನಾಟಿ ಮಾಡಿದರು. ನೋಡನೋಡುತ್ತಲೇ ದೊಡ್ಡಪ್ಪನ ಮನೆಗೆ ಹಂಚು ಬಂತು, ಸೈಕಲ್ ಬಂತು, ಮಧ್ಯಾಹ್ನದ ಊಟಕ್ಕೆ ಅನ್ನ ಬಂತು. ನಮ್ಮ ಮನೆಯಲ್ಲಿ ಅನ್ನವೆಂದರೆ ಹಬ್ಬ, ಇಲ್ಲವೆ ಜ್ವರ. ರಜೆಗೆ ಜವಳಗೇರಾಕ್ಕೆ ಹೋದಾಗ ದೊಡ್ಡಮ್ಮ ನನ್ನ ತಾಟಿಗೆ ಬಿಳಿ ಅನ್ನ ಬಡಿಸಿ, ‘ಉಣ್ಣಪ್ಪ, ನಿಮ್ಮ ಮನ್ಯಾಗ ಎಲ್ಲಿ ಸಿಗಬೇಕು’ ಅನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು. ಅದಕ್ಕೇ ಇನ್ನೂ ಉರಿಯುತ್ತಿತ್ತು.

ಹೈಸ್ಕೂಲಿಗೆ ಇಬ್ಬರೂ ಲಿಂಗಸುಗೂರಿಗೆ ಹೋದೆವು. ಒಂದೇ ಖೋಲಿ, ಒಂದೇ ಸ್ಟೋವು. ಮೆಟ್ರಿಕ್ ಮುಗಿದ ಮೇಲೆ ಅಲ್ಲಿಯೇ ಟೈಪಿಂಗ್ ಕಲಿತೆವು, ಇಂಗ್ಲಿಷೂ ಕನ್ನಡವೂ. ಇದೊಂದರಲ್ಲಿ ನಾನು ಅವನಿಗಿಂತ ಮೇಲು. ಅವನು ಕೀಲಿಗಳನ್ನು ಕೋಳಿ ಕಾಳು ಹೆಕ್ಕಿದಂತೆ ಹುಡುಕಿ ಹುಡುಕಿ ಕುಟ್ಟುತ್ತಿದ್ದರೆ, ನಾನು ಕಿಟಕಿಯ ಹೊರಗೆ ನೋಡುತ್ತ ಪುಟ ಮುಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ನಾನು ಚೆನ್ನಾಗಿ ಪಾಸಾದೆ, ಅವನು ಪಾಸಾದ. ಆದರೆ ಪೇಢೆ ಹಂಚಿದ್ದು ದೊಡ್ಡಪ್ಪನ ಮನೆಯಲ್ಲಿ ಮಾತ್ರ.

ಅಂಗಡಿಯ ಗಾದಿಯ ಮೇಲೆ ಆಗಲೇ ನನ್ನ ಸ್ವಂತ ಅಣ್ಣ ಕೂತಿದ್ದ. ಇಬ್ಬರು ಕೂಡುವಷ್ಟು ದೊಡ್ಡ ಅಂಗಡಿ ಅದಲ್ಲ. ಹೊಲ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ನೌಕರಿ ಬೇಕಾಗಿತ್ತು. ಅದೂ ಹೈದರಾಬಾದಿನಲ್ಲಿ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಹಿರಿಯರ ಬಾಯಲ್ಲಿ ‘ಶಹರ’ ಅಂದರೆ ಹೈದರಾಬಾದೇ. ಅಪ್ಪ ಬಟ್ಟೆ ಖರೀದಿಗೆ ಅಲ್ಲಿಗೆ ಹೋಗಿ ಬಂದು ಹೇಳುತ್ತಿದ್ದ ಬಜಾರುಗಳನ್ನು ಕೇಳಿ ಕೇಳಿ, ಆ ಓಣಿಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡು ತಿರುಗಾಡಬಲ್ಲೆ ಅನ್ನಿಸುತ್ತಿತ್ತು. ಬೆಂಗಳೂರು ನಮಗೆ ಯಾವುದೋ ದೇಶ.

ಆಗ ಸಿಂಧನೂರಿನ ಒಬ್ಬ ಸಾಹುಕಾರರು ನೀರೆತ್ತುವ ಎಂಜಿನ್ನು, ಪಂಪುಗಳ ಏಜೆನ್ಸಿ ಇಟ್ಟಿದ್ದರು. ಅಪ್ಪನೂ ಅವರೂ ಒಂದೇ ಮಠದ ಭಕ್ತರು. ಆ ಕಂಪನಿಯ ದೊಡ್ಡ ಆಫೀಸು ಹೈದರಾಬಾದಿನಲ್ಲಿತ್ತು. ಕಾಲುವೆ ಸೀಮೆಯಲ್ಲಿ ಎಂಜಿನ್ನು ಮಾರಾಟವಾದಂತೆಲ್ಲ ರೈತರ ಪತ್ರಗಳೂ ಹೋಗತೊಡಗಿದ್ದವು: ಎಂಜಿನ್ನು ಹೊಗೆ ಉಗುಳುತ್ತದೆ, ಬೆಲ್ಟು ಹರಿದಿದೆ, ಸಾಮಾನು ಬಂದಿಲ್ಲ. ಎಲ್ಲವೂ ಕನ್ನಡದಲ್ಲಿ. ಆ ಆಫೀಸಿನಲ್ಲಿ ಕನ್ನಡ ಓದುವವರೇ ಇರಲಿಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪು ಬರುವ ಒಬ್ಬ ಹುಡುಗ ಬೇಕು, ಮ್ಯಾನೇಜರೇ ಸಿಂಧನೂರಿಗೆ ಬರುತ್ತಾರೆ, ಅಂಗಡಿಯಲ್ಲೇ ಮಾತಾಡಿ ಆರಿಸುತ್ತಾರೆ ಎಂದು ಸಾಹುಕಾರರು ಅಪ್ಪನಿಗೆ ಹೇಳಿ ಕಳಿಸಿದರು. ನಾನು ಹಿಗ್ಗಿ ಹೀರೇಕಾಯಿ ಆದೆ. ಮರುದಿನ ತಿಳಿಯಿತು, ಎಂಜಿನ್ನು ಕೊಂಡ ಗಿರಾಕಿ ಎಂದು ದೊಡ್ಡಪ್ಪನಿಗೂ ಹೇಳಿ ಕಳಿಸಿದ್ದರು.

ಸಾಹುಕಾರರು ಇನ್ನೊಂದು ಕಿವಿಮಾತು ಹೇಳಿದ್ದರು. ಮ್ಯಾನೇಜರು ಟೈಪಿಂಗನ್ನು ಅಷ್ಟಾಗಿ ನೋಡುವುದಿಲ್ಲ. ಊರು ಬಿಟ್ಟು ಬಂದು ಶಹರದಲ್ಲಿ ನಿಲ್ಲುವ ಹುಡುಗನೇ ಎಂಬುದನ್ನು ನೋಡುತ್ತಾರೆ. ಅಪ್ಪ ಇದನ್ನು ಗಟ್ಟಿಯಾಗಿ ಮನಸ್ಸಿಗೆ ಹಾಕಿಕೊಂಡ. ‘ಬಾಯಿಲೆ ಬರ್ತೀನಿ ಅಂದ್ರ ಯಾರು ನಂಬ್ತಾರ, ತಯಾರಾಗೇ ಹೋಗೂಣು’ ಅಂದ. ಹಾಗಾಗಿ ಮನೆಯಲ್ಲಿ ಕಳಿಸಿಕೊಡುವ ತಯಾರಿಯೇ ನಡೆಯಿತು. ಟ್ರಂಕಿಗೆ ಹೊಸ ಬೀಗ, ಹಾಸಿಗೆ ಸುರುಳಿ, ಇಷ್ಟಲಿಂಗಕ್ಕೆ ಹೊಸ ವಸ್ತ್ರ. ಅವ್ವ, ಚಿಗವ್ವ ಕೂಡಿ ಜೋಳದ ರೊಟ್ಟಿ ತಟ್ಟಿ, ತೆಳ್ಳಗೆ ಕಟಕಟಿ ಮಾಡಿ ಒಣಗಿಸಿ, ಧೋತರದಲ್ಲಿ ಗಂಟು ಕಟ್ಟಿದರು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಆ ಗಂಟು ನನ್ನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ನಮ್ಮ ಕಡೆ ದೂರದೂರಿಗೆ ಹೋಗುವವನು ನಿಜವಾಗಿ ಹೋಗುತ್ತಾನೋ ಇಲ್ಲವೋ ತಿಳಿಯಬೇಕಾದರೆ ಅವನ ರೊಟ್ಟಿ ಗಂಟು ನೋಡಿದರೆ ಸಾಕು.

ಸಿಂಧನೂರಿನ ಬಸ್ಸಿನ ಮೇಲೆ ಟ್ರಂಕು, ಸುರುಳಿ, ಗಂಟು ಹೇರಿಕೊಂಡು ನಾನೂ ಅಪ್ಪನೂ ಹೋದೆವು. ಅಂಗಡಿಯ ಮುಂದೆ ದೊಡ್ಡಪ್ಪನ ಮಗ ಸೈಕಲ್ಲಿಗೆ ಒರಗಿ ನಿಂತಿದ್ದ. ಕೈ ಬೀಸಿಕೊಂಡು ಬಂದಿದ್ದ. ದೊಡ್ಡಪ್ಪನೂ ಜೊತೆಗೆ ಬಂದಿರಲಿಲ್ಲ. ನಮ್ಮ ಸಾಮಾನು ನೋಡಿ ಅವನು ನಗಲಿಲ್ಲ, ಗಂಟನ್ನು ಒಳಗೆ ಇಡಲು ಕೈ ಹಚ್ಚಿದ. ಇವನ ಕೆಲಸ ಆದಂತೆಯೇ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಮ್ಯಾನೇಜರು ಮೂಲತಃ ಕಲಬುರಗಿ ಕಡೆಯವರು, ಹೈದರಾಬಾದಿನಲ್ಲೇ ನೆಲೆಸಿದವರು. ಕನ್ನಡ ಮಾತಾಡಬಲ್ಲರು, ಓದಲು ಬಾರದು; ಶಾಲೆ ಕಲಿತದ್ದೆಲ್ಲ ಉರ್ದುವಿನಲ್ಲಿ. ಎಂಜಿನ್ನುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬ ರೈತನ ಪತ್ರ ಕೊಟ್ಟು, ಓದಿ ಇಂಗ್ಲಿಷಿನಲ್ಲಿ ಅದರ ಸಾರಾಂಶ ಹೇಳಿರಿ ಅಂದರು. ನಾನು ತಡವರಿಸದೆ ಹೇಳಿದೆ. ದೊಡ್ಡಪ್ಪನ ಮಗ ಅರ್ಧಕ್ಕೆ ನಿಂತು, ‘ವಾಲ್ವು’ ಎಂಬಲ್ಲಿ ಪಿಸ್ಟನ್ ಎಂದ. ಸಾಹುಕಾರರ ಅಂಗಡಿಯ ಟೈಪ್‌ರೈಟರಿನ ಮೇಲೆ ಇಂಗ್ಲಿಷ್ ಪತ್ರವೊಂದನ್ನು ಹೊಡೆಸಿದರು. ಅದರಲ್ಲೂ ನಾನೇ ಮುಂದು. ಮ್ಯಾನೇಜರು ನನ್ನ ಕಡೆ ನೋಡಿ ತಲೆಯಾಡಿಸಿದಾಗ, ಇಷ್ಟು ವರ್ಷ ಜವಳಗೇರಾದಲ್ಲಿ ಉಂಡ ಅನ್ನವೆಲ್ಲ ಒಂದೇ ಸಲ ಜೀರ್ಣವಾದಂತೆ ಹೊಟ್ಟೆ ಹಗುರಾಯಿತು.

ಆಮೇಲೆ ಅವರು ಮುಖ್ಯ ಮಾತಿಗೆ ಬಂದರು. ಹೈದರಾಬಾದಿಗೆ ಬರಬೇಕಾಗುತ್ತದೆ, ಅಲ್ಲಿಯೇ ಇರಬೇಕಾಗುತ್ತದೆ, ತಯಾರಿದ್ದೀಯಾ ಎಂದು ನನ್ನನ್ನು ಕೇಳಿದರು. ತಯಾರಿದ್ದೇನೆ ಎಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಅಪ್ಪ ಗೋಡೆಯ ಹತ್ತಿರದಿಂದ ಎದ್ದು ಬಂದು, ಹುಡುಗ ಇವತ್ತೇ ನಿಮ್ಮ ಸಂಗಡ ಹೊರಡಲಿ ಎಂದು ಸಾಮಾನು ತೋರಿಸಿದ. ಮ್ಯಾನೇಜರು ಎದ್ದು ಬಂದು ಧೋತರದ ಗಂಟನ್ನು ಬೆರಳಿನಿಂದ ಒತ್ತಿದರು. ಒಳಗೆ ರೊಟ್ಟಿ ಕಟಕ್ ಅಂದಿತು.

‘ಎಷ್ಟು ದಿನಕ್ಕ ಆಗ್ತಾವ್ರಿ ಇವು?’

‘ಒಂದು ತಿಂಗಳಿಗೆ ಚಿಂತಿಲ್ರಿ ಸಾಹೇಬ್ರ,’ ಅಂದ ಅಪ್ಪ.

‘ಆಮ್ಯಾಲ?’

‘ಆಮ್ಯಾಲ ಬಂದು ಮತ್ತ ಒಯ್ತಾನ್ರಿ.’

ಅಪ್ಪನ ಮುಖದಲ್ಲಿ ಹೆಮ್ಮೆ ಇತ್ತು. ನಮ್ಮ ಹುಡುಗನಿಗೆ ಊಟದ ಕೊರತೆಯಾಗದು, ಕಂಪನಿಗೆ ಆ ಹೊರೆ ಬೇಡ ಎಂಬ ಹೆಮ್ಮೆ. ಮ್ಯಾನೇಜರು ಕುರ್ಚಿಗೆ ಮರಳಿ ಕೂತು, ಸಾಹುಕಾರರ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು. ಈ ಸೀಮೆಯ ಇಬ್ಬರು ಹುಡುಗರನ್ನು ಹಿಂದೆಯೂ ಇಟ್ಟುಕೊಂಡಿದ್ದರಂತೆ. ಒಳ್ಳೆಯ ಹುಡುಗರೇ. ಇಬ್ಬರೂ ಇಂಥದೇ ಗಂಟು ತಂದಿದ್ದರು. ರೊಟ್ಟಿ ಇರುವವರೆಗೆ ಕೆಲಸ ಮಾಡಿದರು. ಗಂಟು ಸಣ್ಣದಾದಂತೆ ಅವರ ಮುಖವೂ ಸಣ್ಣದಾಯಿತು. ಖಾಲಿಯಾದ ದಿನ ರಜೆ ಕೇಳಿ ಊರಿಗೆ ಹೋದರು. ಒಬ್ಬ ಎಳ್ಳಮಾಸಿ ಹಬ್ಬ ಮುಗಿಸಿ ಬರುತ್ತೇನೆಂದ, ಬರಲಿಲ್ಲ. ಇನ್ನೊಬ್ಬ ಏನನ್ನೂ ಹೇಳಲಿಲ್ಲ, ಬರಲೂ ಇಲ್ಲ. ‘ಗಂಟು ತಂದಾಂವ ಊರು ಬಿಟ್ಟು ಬಂದಿರಂಗಿಲ್ರಿ. ಊರನ್ನ ಕಟ್ಟಿಗೊಂಡು ಬಂದಿರ್ತಾನ,’ ಅಂದರು.

ಆಗ ಅವರು ಅಣ್ಣನ ಕಡೆ ನೋಡಿ, ನೀನು ಏನು ಉಣ್ಣುತ್ತೀ ಎಂದು ಕೇಳಿದರು.

‘ಅನ್ನ ಉಣ್ತೀನ್ರಿ. ಅಲ್ಲಿ ಏನ್ ಸಿಗ್ತೈತಿ ಅದನ್ನ ಉಣ್ತೀನಿ. ಯಾವಾಗ ಬಾ ಅಂದ್ರ ಅವಾಗ ಬರ್ತೀನಿ.’

ಎಷ್ಟು ಸಲೀಸಾಗಿ ಹೇಳಿದ! ಪಕ್ಕದ ಅಂಗಡಿಗೆ ಹೋಗಿ ಬೀಡಿ ತರುತ್ತೇನೆ ಅನ್ನುವ ಹಾಗೆ. ಕೆಲಸ ಅವನಿಗಾಯಿತು. ನೀರೂ ಅವನಿಗೆ, ಅನ್ನವೂ ಅವನಿಗೆ, ಆ ಅನ್ನ ಉಂಡ ಬಾಯಿಗೆ ಹೈದರಾಬಾದೂ. ಅಪ್ಪನಿಗೆ ತಾನು ಏನು ಹೇಳಿದೆ ಎಂಬುದು ಆಮೇಲೂ ತಿಳಿದಿರಲಿಲ್ಲ. ಸಾಹೇಬರಿಗೆ ಜೋಳದ ರೊಟ್ಟಿ ಸೇರುವುದಿಲ್ಲವೆಂದು ಕಾಣುತ್ತದೆ ಎಂದು ಬಸ್ಸಿನಲ್ಲಿ ಅಂದ. ಆ ಗಂಟನ್ನು ಮನೆಯವರೆಲ್ಲ ಕೂಡಿ ತಿಂದೆವು. ತಿನ್ನುವಾಗ ಪ್ರತಿ ಸಲ ಅದು ಕಟಕ್ ಅನ್ನುತ್ತಿತ್ತು, ಪ್ರತಿ ಸಲ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಆ ವರ್ಷವಿಡೀ ನಾನು ಮಾಡಿದ ಮುಖ್ಯ ಕೆಲಸ ಹೊಟ್ಟೆಕಿಚ್ಚು ಪಡುವುದು. ಉಳಿದಂತೆ ಲಿಂಗಸುಗೂರಿನ ತಾಲೂಕು ಕಚೇರಿಯ ಮುಂದೆ ಟೇಬಲ್ ಹಾಕಿಕೊಂಡ ಅರ್ಜಿ ಬರೆಯುವವರ ಹತ್ತಿರ ಟೈಪು ಹೊಡೆಯುತ್ತಿದ್ದೆ. ಖಾತೆ ಬದಲಾವಣೆ, ನೀರಾವರಿ ತಕರಾರು, ಮತ್ತದೇ ಕಾಲುವೆ. ಟೈಪು ಹೊಡೆಯುತ್ತ ಹೊಡೆಯುತ್ತ, ಅವನು ಈಗ ಏನು ಮಾಡುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಈಗ ಫ್ಯಾನಿನ ಕೆಳಗೆ ಕೂತಿದ್ದಾನೆ. ಈಗ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾನೆ. ಈಗ ‘ವಾಲ್ವು’ ಎಂಬಲ್ಲಿ ಪಿಸ್ಟನ್ ಎಂದು ಹೊಡೆಯುತ್ತಿದ್ದಾನೆ, ಅದನ್ನು ತಿದ್ದುವವರು ಅಲ್ಲಿ ಯಾರೂ ಇಲ್ಲ.

ದೀಪಾವಳಿಗೆ ಅವನು ಬಂದಾಗ ಟೆರಿಲಿನ್ ಅಂಗಿ ಹಾಕಿದ್ದ. ಮಸ್ಕಿಗೂ ಬಂದ. ಅವ್ವನಿಗೆ ಒಂದು ಜೊತೆ ಗಾಜಿನ ಬಳೆ, ಅಪ್ಪನಿಗೆ ನಶ್ಯದ ಡಬ್ಬಿ, ನನಗೊಂದು ಫೌಂಟನ್ ಪೆನ್ನು. ಅವ್ವ ಅವನನ್ನು ನಡುವೆ ಕೂಡಿಸಿಕೊಂಡು ಹೈದರಾಬಾದಿನ ಸುದ್ದಿ ಕೇಳಿದಳು. ಅವನಿಗೆ ಹೇಳಲೂ ಬರಲಿಲ್ಲ. ಮಂದಿ ಬಹಳ, ರಸ್ತೆ ದಾಟಲು ಕಷ್ಟ, ನೀರಿಗೆ ಸಾಲು ನಿಲ್ಲಬೇಕು ಅಂದ. ಇಷ್ಟೆಯೇ? ಚಾರ್ಮಿನಾರದ ಪಕ್ಕದಲ್ಲಿ ಇದ್ದು ಬಂದವನು ನಳದ ಸುದ್ದಿ ಹೇಳುತ್ತಾನಲ್ಲ ಎಂದು ನನಗೆ ರೇಗಿಹೋಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಆ ಪೆನ್ನಿನಿಂದ ನಾನು ಒಂದಕ್ಷರವನ್ನೂ ಬರೆಯಲಿಲ್ಲ.

ಮುಂದಿನ ಬೇಸಿಗೆಗೆ ದೊಡ್ಡಪ್ಪ ಹೊಲವನ್ನು ಗುತ್ತಿಗೆಯಿಂದ ಬಿಡಿಸಿಕೊಂಡ. ಬಂದವರು ನಮ್ಮ ನೆಲದಲ್ಲಿ ಬಂಗಾರ ತೆಗೆಯುತ್ತಿರುವಾಗ ನಾವೇ ಯಾಕೆ ತೆಗೆಯಬಾರದು ಎಂಬ ಮಾತು ಆಗ ಜವಳಗೇರಾದ ಎಲ್ಲ ಕಟ್ಟೆಗಳ ಮೇಲೂ ನಡೆದಿತ್ತು. ಭತ್ತದ ಕೆಲಸಕ್ಕೆ ಮನೆಯ ಆಳು ಬೇಕಲ್ಲ, ಮಗನಿಗೆ ಬಾ ಎಂದು ಹೇಳಿ ಕಳಿಸಿದ. ಮಗ ಬಂದುಬಿಟ್ಟ. ಸುದ್ದಿ ಕೇಳಿ ನಾನು ಜವಳಗೇರಾಕ್ಕೆ ಹೋದೆ. ಅವನು ಮಂಡಿಮಟ್ಟ ಕೆಸರಿನಲ್ಲಿ ನಿಂತು ಸಸಿಯ ಮಡಿಗೆ ನೀರು ತಿರುಗಿಸುತ್ತಿದ್ದ. ಮೈಮೇಲೆ ಅದೇ ಟೆರಿಲಿನ್ ಅಂಗಿ, ತೋಳು ಮೇಲೆ ಮಡಚಿದ್ದ. ನೌಕರಿ ಬಿಟ್ಟು ಬಂದೆಯಾ ಎಂದು ಕೇಳಿದೆ.

‘ಹೂಂ. ಬ್ಯಾಸರಾತು,’ ಅಂದ.

ಅಷ್ಟೇ ಅಂದ. ಒಂದು ವರ್ಷ ನನ್ನ ಹೊಟ್ಟೆಯಲ್ಲಿ ಒಲೆ ಉರಿಸಿದ್ದನ್ನು ಅವನು ಸವೆದ ಚಪ್ಪಲಿಯ ಹಾಗೆ ಬಿಟ್ಟು ಬಂದಿದ್ದ. ಅವನಿಗೆ ಸಿಕ್ಕಿತ್ತು ಎಂಬುದಕ್ಕಿಂತ, ಅವನು ಅದನ್ನು ಹೀಗೆ ಬಿಡಬಲ್ಲ ಎಂಬುದಕ್ಕೆ ನನಗೆ ಹೆಚ್ಚು ಉರಿಯಿತು.

ಮ್ಯಾನೇಜರು ಮತ್ತೆ ಸಿಂಧನೂರಿಗೆ ಬಂದರು. ಸಾಹುಕಾರರು ಹೇಳಿ ಕಳಿಸಿದರು. ಈ ಸಲ ಅಪ್ಪನಿಗೆ ಏನೂ ಕಟ್ಟಿಕೊಳ್ಳುವುದು ಬೇಡ, ಏನೂ ಮಾತಾಡುವುದು ಬೇಡ ಎಂದು ಮೊದಲೇ ಹೇಳಿದ್ದೆ. ಅಪ್ಪ ಗೋಡೆಗೆ ಒರಗಿ ಸುಮ್ಮನೆ ಕೂತ. ಮ್ಯಾನೇಜರು ಸಿಟ್ಟಿನಲ್ಲಿದ್ದರು. ಪತ್ರ ಓದಿಸಲಿಲ್ಲ, ಟೈಪು ಹೊಡೆಸಲಿಲ್ಲ. ನಿಮ್ಮ ಕಡೆಯ ಹುಡುಗರದು ಇಷ್ಟೇ, ಬರ್ತೀನಿ ಅಂತೀರಿ, ಭತ್ತದ ವಾಸನೆ ಹತ್ತಿದ ಕೂಡಲೆ ಓಡಿ ಬರುತ್ತೀರಿ ಅಂದರು. ‘ನೀನೂ ನಿಮ್ಮಣ್ಣನಂಗ ಬಿಟ್ಟು ಬರಾಂವನ, ಹೌದಿಲ್ಲೊ?’

ಬಿಟ್ಟು ಬರುವುದಿಲ್ಲ, ಶಹರ ನನಗೆ ಇಷ್ಟ, ಮನಸ್ಸಿಟ್ಟು ಕೆಲಸ ಮಾಡುತ್ತೇನೆ ಎಂದೆಲ್ಲ ಹೇಳಬೇಕೆಂದು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದ್ದೆ. ಅಣ್ಣನ ಹೆಸರು ಬಂದದ್ದೇ ತಡ, ಪಾಠವೆಲ್ಲ ಹಾರಿಹೋಗಿ ಹೊಟ್ಟೆಯೊಳಗಿನದೇ ಬಾಯಿಗೆ ಬಂತು.

‘ಅಂವ ಬಿಟ್ಟು ಬಂದ್ರ ಅಂವಗ ಹೊಲ ಐತ್ರಿ, ನೀರು ಐತ್ರಿ. ನಾ ಬಿಟ್ಟು ಬಂದ್ರ ಎಲ್ಲಿಗ್ರಿ ಬರ್ಲಿ?’

ಅದು ಜಾಣತನದ ಉತ್ತರವಲ್ಲ, ಶುದ್ಧ ಹೊಟ್ಟೆಕಿಚ್ಚು. ದನಿಯೂ ಜಗಳಗಂಟನ ದನಿಯಾಗಿತ್ತು. ಅಂಗಡಿಯಲ್ಲಿ ಬೆಲ್ಟು ಅಳೆಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಮ್ಯಾನೇಜರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ, ‘ಇದನ್ನ ಹ್ವಾದ ವರ್ಷ ಹೇಳಿದ್ರ ಆಗ್ತಿರ್ಲಿಲ್ಲೇನೊ,’ ಅಂದು, ಸೋಮವಾರ ಬಂದು ಹಾಜರಾಗು ಎಂದರು. ಸಾಹುಕಾರರು ಅಪ್ಪನ ಕಡೆ ನೋಡಿ ನಕ್ಕರು. ಅಪ್ಪ ನಗಲಿಲ್ಲ. ಮಸ್ಕಿಯ ಬಸ್ಸಿನಲ್ಲಿ ಕಾಲುವೆಯ ಸೇತುವೆ ದಾಟುವಾಗ ಕಿಟಕಿಯ ಹೊರಗೆ ನೋಡುತ್ತ, ‘ಆ ಹೊಲ ಆರಿಸಿದಾಂವ ನಾನ,’ ಅಂದ. ನಾನು ಕೇಳಿಸದವನಂತೆ ಕೂತೆ. ಕೆಲಸ ಸಿಕ್ಕಿತ್ತು, ಬೇರೆ ಯಾವುದನ್ನೂ ಆ ದಿನ ಒಳಗೆ ಬಿಟ್ಟುಕೊಳ್ಳುವ ಮನಸ್ಸಿರಲಿಲ್ಲ.

ನಾನು ಹೊರಡುವ ದಿನ ದಾರಿಯಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಾಯಚೂರಿನ ಬಸ್ಸು ಹಿಡಿಯಬೇಕಿತ್ತು, ಅಲ್ಲಿಂದ ಮುಂದೆ ರೈಲು. ಅಣ್ಣನಿಗೆ ಹೇಳಿ ಕಳಿಸಿದ್ದೆ. ಬೀಳ್ಕೊಡಲಿ ಎಂದಲ್ಲ, ನೋಡಲಿ ಎಂದು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಹೈದರಾಬಾದಿಗೆ ಹೋಗುವುದನ್ನು ಅವನು ಕಣ್ಣಾರೆ ನೋಡಬೇಕು. ಕೆಸರಿನಲ್ಲಿ ನಿಂತು ನನ್ನನ್ನು ನೆನೆಯಬೇಕು. ನಾನು ಒಂದು ವರ್ಷ ಉಂಡದ್ದನ್ನು ಅವನು ಒಂದು ತುತ್ತಾದರೂ ಉಣ್ಣಬೇಕು.

ಅವನು ಬಂದ. ಸೈಕಲ್ ಗೋಡೆಗೆ ಒರಗಿಸಿ ಬಂದವನೇ ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಏಣಿ ಹತ್ತಿ, ಬಸ್ಸಿನ ಮೇಲೆ ಹಗ್ಗ ಬಿಗಿದು ಕಟ್ಟಿ ಇಳಿದ. ಆಫೀಸಿನಲ್ಲಿ ಯಾರ ಪಕ್ಕ ಕೂಡಬೇಕು, ಯಾವ ಓಣಿಯಲ್ಲಿ ಖೋಲಿ ಸಿಗುತ್ತದೆ, ಯಾವ ನಳಕ್ಕೆ ನೀರು ಬೇಗ ಬರುತ್ತದೆ ಎಂದು ಒಂದೊಂದಾಗಿ ಹೇಳಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಬ್ಬಿನಲ್ಲಿ, ತುಟಿಯ ಮೂಲೆಯಲ್ಲಿ, ಎಲ್ಲಾದರೂ ಸ್ವಲ್ಪ ಉರಿ ಕಾಣುತ್ತದೆಯೇ ಎಂದು ಹುಡುಕಿದೆ. ಕಾಣಲಿಲ್ಲ. ತಾಳಲಾರದೆ ಬಾಯಿಬಿಟ್ಟೇ ಕೇಳಿದೆ, ನಿನಗೆ ಏನೂ ಅನ್ನಿಸುವುದಿಲ್ಲವೇ ಎಂದು.

‘ಏನನಸ್ಬೇಕಲೇ?’ ಅಂದ. ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದ. ‘ಹೋಗಿ ಬಾ. ನಮ್ಮ ತೂಬಿಗೆ ಇವತ್ತ ನೀರಿನ ಪಾಳಿ ಐತಿ, ನಾ ಇಲ್ಲೇ ನಿಂತ್ರ ಮ್ಯಾಲಿನ ಹೊಲದಾಂವ ಒಡ್ಡು ಕಟ್ಟಿಬಿಡ್ತಾನ.’

ಬಸ್ಸು ಇನ್ನೂ ಶುರುವಾಗಿರಲಿಲ್ಲ. ಕಂಡಕ್ಟರ್ ಚಹಾ ಕುಡಿಯುತ್ತಿದ್ದ. ಅಣ್ಣ ಸೈಕಲ್ ಹತ್ತಿ ಜವಳಗೇರಾದ ರಸ್ತೆಗೆ ತಿರುಗಿದ, ಅವಸರದಲ್ಲಿ ಪೆಡಲ್ ತುಳಿಯುತ್ತ ಹೋದ. ನಾನು ಬಸ್ಸು ಹತ್ತಿ ಕೂತು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಲೇ ಇದ್ದೆ. ಒಂದು ಸಲವಾದರೂ ತಿರುಗಿ ನೋಡುತ್ತಾನೆ ಅಂದುಕೊಂಡಿದ್ದೆ.